ಸೋತವರಿಗೆ ಸೋಮವಾರದ ಪರಿಹಾರ

ಬೆಂಗಳೂರಿನಲ್ಲಿ ಮಳೆನೀರು ಮನೆಗೆ ನುಗ್ಗಿ ಹಾಸಿಗೆ, ಫ್ರಿಜ್ಜು ಹಾಳಾದವರು ಪರಿಹಾರಕ್ಕಾಗಿ ಫೋಟೊ, ಆಧಾರ್ ಪ್ರತಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಜೂಜಿನಲ್ಲಿ ಹಣ ಕಳೆದುಕೊಂಡವರಿಗೆ ಈ ತಾಪತ್ರಯವಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆಯಾದರೂ, ಕಡಲಾಚೆಯ ಜೂಜಿನ ತಾಣಗಳ ಕರುಣೆಗೆ ತಡೆ ಬಿದ್ದಿಲ್ಲ. ‘ವಾರದ ನಷ್ಟದ ಮೇಲೆ ಶೇ. 10 ಕ್ಯಾಶ್‌ಬ್ಯಾಕ್’ ಎಂಬ ಸಂದೇಶ ಬೆಳ್ಳಂದೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವನ ಮೊಬೈಲಿಗೂ ತಪ್ಪದೆ ಬರುತ್ತದೆ.

ನಮ್ಮ ಮೇಲಿನ ಮನೆಯ ಸಾಫ್ಟ್‌ವೇರ್ ಹುಡುಗ ಇದನ್ನು ನನಗೆ ವಿವರಿಸಿದ್ದು ಹೀಗೆ: “ಗೆದ್ದರೆ ಗೆದ್ದ ಹಾಗೆ, ಸೋತರೂ ಎರಡು ಸಾವಿರ ವಾಪಸ್ ಬರುತ್ತೆ ಅಂಕಲ್.” ಎರಡು ಸಾವಿರ ವಾಪಸ್ ಬರಬೇಕಾದರೆ ಮೊದಲು ಇಪ್ಪತ್ತು ಸಾವಿರ ಹೋಗಬೇಕೆಂಬುದನ್ನು ಅವನು ದೊಡ್ಡ ಮನಸ್ಸಿನಿಂದ ಬಿಟ್ಟುಬಿಟ್ಟಿದ್ದ. ಅದೂ ಇಡೀ ವಾರದ ನಿವ್ವಳ ನಷ್ಟವಾಗಿರಬೇಕು. ಮಂಗಳವಾರ ಹತ್ತು ಸಾವಿರ ಸೋತು ಶನಿವಾರ ಎಂಟು ಸಾವಿರ ಗೆದ್ದವನ ನಷ್ಟ ಎರಡೇ ಸಾವಿರ, ಆದ್ದರಿಂದ ಅವನ ಪಾಲಿನ ಪರಿಹಾರ ಇನ್ನೂರು ರೂಪಾಯಿ. ಗೆಲ್ಲುವ ಅವಿವೇಕಕ್ಕೆ ಅದು ತಕ್ಕ ದಂಡನೆಯೇ ಸರಿ.

ಬಂದ ಎರಡು ಸಾವಿರವೂ ನಗದಲ್ಲ, ಬೋನಸ್. ಅದನ್ನು ಕೈಗೆ ಪಡೆಯಲು ಅದರ ಹತ್ತು ಪಟ್ಟು, ಅಂದರೆ ಇಪ್ಪತ್ತು ಸಾವಿರ ರೂಪಾಯಿಯಷ್ಟು ಬಾಜಿ ಕಟ್ಟಬೇಕೆಂಬ ಷರತ್ತು ಚಿಕ್ಕ ಅಕ್ಷರಗಳಲ್ಲಿರುತ್ತದೆ. ನೂರು ರೂಪಾಯಿ ಬಾಜಿಗೆ ಸರಾಸರಿ ತೊಂಬತ್ತಾರು ಹಿಂದಿರುಗಿಸುವ ಸ್ಲಾಟ್ ಆಟದಲ್ಲಿ ಇಪ್ಪತ್ತು ಸಾವಿರ ಉರುಳಿಸಿದರೆ ಸರಾಸರಿ ಎಂಟುನೂರು ಕರಗುತ್ತದೆ. ಉಳಿಯುವುದು ಸಾವಿರದ ಇನ್ನೂರು. ಒಂದು ಸುತ್ತಿಗೆ ಹತ್ತು ರೂಪಾಯಿಯಂತೆ ಆಡಿದರೆ ಎರಡು ಸಾವಿರ ಸಲ ಗುಂಡಿ ಒತ್ತಬೇಕು. ಇಂತಹ ಕೆಲಸಕ್ಕೆ ಕಾರ್ಖಾನೆಯಲ್ಲಾದರೆ ಪಿ.ಎಫ್. ಕಡಿತವಾದರೂ ಇರುತ್ತಿತ್ತು. ‘ಸ್ಲಾಟ್ ಬೇಡ, ರೂಲೆಟ್ ಗೌರವಸ್ಥರ ಆಟ’ ಎಂದು ಆ ಕಡೆ ತಿರುಗಿದವನಿಗೆ ಇನ್ನೊಂದು ಸಾಲು ಎದುರಾಗುತ್ತದೆ: ಅಲ್ಲಿ ಕಟ್ಟಿದ ಬಾಜಿಯ ಹತ್ತನೇ ಒಂದು ಭಾಗ ಮಾತ್ರ ಲೆಕ್ಕಕ್ಕೆ. ಹಾಗಾಗಿ ಇಪ್ಪತ್ತು ಸಾವಿರದ ಬದಲು ಎರಡು ಲಕ್ಷ ಕಟ್ಟಬೇಕು. ಒಂದೇ ಸೊನ್ನೆಯಿರುವ ರೂಲೆಟ್‌ನಲ್ಲಿ ಮಾಲೀಕನ ಪಾಲು ಶೇ. 2.7 ಆಗಿರುವುದರಿಂದ, ಎರಡು ಲಕ್ಷಕ್ಕೆ ಸರಾಸರಿ ಐದು ಸಾವಿರದ ನಾನೂರು ಹೋಗುತ್ತದೆ. ಎರಡು ಸಾವಿರವನ್ನು ಬಿಡಿಸಿಕೊಳ್ಳಲು ಐದು ಸಾವಿರದ ನಾನೂರು ಖರ್ಚು ಮಾಡುವುದಕ್ಕೆ ಬೋನಸ್ಸಿನಲ್ಲಿ ಅಷ್ಟು ಹಣವೇ ಇರುವುದಿಲ್ಲವಾದ್ದರಿಂದ, ಅದು ಸಾಮಾನ್ಯವಾಗಿ ಅರ್ಧ ದಾರಿಯಲ್ಲೇ ತೀರಿಕೊಂಡು ಆಟಗಾರನನ್ನು ಉಳಿಸುತ್ತದೆ.

ಇನ್ನು ಮೊದಲಿನ ಇಪ್ಪತ್ತು ಸಾವಿರವನ್ನು ಸೋಲುವುದು ಎಷ್ಟು ಶ್ರಮದ ಕೆಲಸವೆಂಬುದನ್ನು ಯಾರೂ ಮೆಚ್ಚುವುದಿಲ್ಲ. ಅದೇ ಸ್ಲಾಟ್‌ನಲ್ಲಿ ಸರಾಸರಿ ಅಷ್ಟು ನಷ್ಟವಾಗಲು ಐದು ಲಕ್ಷ ರೂಪಾಯಿಯ ಬಾಜಿ ಉರುಳಬೇಕು. ಐದು ಲಕ್ಷಕ್ಕೆ ಸಾವಿರದ ಇನ್ನೂರು ಎಂದರೆ ಶೇ. 0.24. ‘ಶೇ. 10’ ಎಂದು ಕೇಸರಿ ಬಣ್ಣದಲ್ಲಿ ಮಿನುಗುತ್ತಿದ್ದ ಔದಾರ್ಯ ಸರಿಸುಮಾರು ಇಷ್ಟೇ: ಮಾಲೀಕನ ಪಾಲು ನೂರಕ್ಕೆ ನಾಲ್ಕು ರೂಪಾಯಿ ಇದ್ದದ್ದು ಮೂರು ರೂಪಾಯಿ ಎಪ್ಪತ್ತಾರು ಪೈಸೆಗೆ ಇಳಿಯುತ್ತದೆ.

ಈ ಪರಿಹಾರದಿಂದ ನಿಜವಾಗಿ ಲಾಭ ಮಾಡಿಕೊಂಡವರೂ ಇದ್ದಾರೆಂಬುದನ್ನು ಮುಚ್ಚಿಡಬಾರದು. ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ 2011ರ ಸುಮಾರಿಗೆ ಡಾನ್ ಜಾನ್ಸನ್ ಎಂಬ ಬ್ಲ್ಯಾಕ್‌ಜಾಕ್ ಆಟಗಾರ, ದೊಡ್ಡ ನಷ್ಟದಲ್ಲಿ ಶೇ. 20 ಮನ್ನಾ ಎಂದು ಮೊದಲೇ ಮಾತಾಡಿಕೊಂಡು, ಆಟದ ನಿಯಮಗಳನ್ನೂ ತನಗೆ ಅನುಕೂಲವಾಗುವಂತೆ ಸಡಿಲಿಸಿಕೊಂಡು, ಮೂರು ಕ್ಯಾಸಿನೊಗಳಿಂದ ಸುಮಾರು ಒಂದೂವರೆ ಕೋಟಿ ಡಾಲರ್ ಗೆದ್ದ. ನಷ್ಟದ ಮನ್ನಾಕ್ಕೆ ಬೆಲೆ ಬರುವುದು ದೊಡ್ಡ ಮೊತ್ತ ಕಟ್ಟಿ ಬೇಗ ಎದ್ದುಹೋಗುವವನಿಗೆ. ಹೆಚ್ಚು ಹೊತ್ತು ಕೂತಷ್ಟೂ ಸೋಲು ಗೆಲುವುಗಳು ಒಂದನ್ನೊಂದು ಹೊಡೆದುಹಾಕಿ, ಕೊನೆಗೆ ಮಾಲೀಕನ ಪಾಲೇ ಎದ್ದು ಕಾಣುತ್ತದೆ. ಇದು ಆಟಗಾರನಿಗಿಂತ ಮೊದಲು ಮಾಲೀಕನಿಗೆ ಗೊತ್ತಿರುವುದರಿಂದಲೇ, ಒಂದು ಬಾಜಿಗೆ ಇಂತಿಷ್ಟೇ ಎಂಬ ಮಿತಿ, ವಾರಕ್ಕೆ ಕನಿಷ್ಠ ಇಷ್ಟು ಬಾಜಿ ಎಂಬ ಕಟ್ಟಳೆ, ಏಳು ದಿನಗಳ ಗಡುವು ಇವೆಲ್ಲ ಷರತ್ತುಗಳ ಪುಟದಲ್ಲಿ ಸಾಲಾಗಿ ನಿಂತಿರುತ್ತವೆ.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಮೇಲಿನ ಮನೆಯ ಹುಡುಗನಿಗೆ ತೋರಿಸಿದೆ. ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಬಿಲ್ಲಿನಲ್ಲಿ ಐವತ್ತು ರೂಪಾಯಿ ಹೆಚ್ಚಾದರೆ ಎಕ್ಸೆಲ್ ಹಾಳೆ ಹಿಡಿದು ಸಭೆ ಕರೆಯುವ ಅವನು, ಅದನ್ನು ಸಾವಧಾನವಾಗಿ ಓದಿ, “ಲೆಕ್ಕ ಕರೆಕ್ಟಾಗಿದೆ ಅಂಕಲ್, ಆದರೆ ಇದು ಸಿಲ್ವರ್ ಮೆಂಬರಿನದು. ಇನ್ನು ಐವತ್ತು ಸಾವಿರ ಸೋತರೆ ನಾನು ಗೋಲ್ಡು, ಆಗ ಹನ್ನೆರಡು ಪರ್ಸೆಂಟು” ಎಂದ.