ಬಿಸಿ ನಾಳೆಗೆ ನೀರು ಬಿಟ್ಟರಂತೆ

ಕನ್ನಂಬಾಡಿ ಕಟ್ಟೆಯಿಂದ ‘ಬಿಸಿ ನಾಳೆ’ಗೆ ನೀರು ಬಿಟ್ಟ ವಿಡಿಯೊ ನೀವೂ ನೋಡಿರುತ್ತೀರಿ. ನಮ್ಮ ಮಂಡ್ಯದ ವಾಟ್ಸಾಪ್ ಗುಂಪುಗಳಲ್ಲಿ ಎರಡು ದಿನ ಅದೇ ಓಡಿತು. ಮಾತಾಡಿದವರು ಹೇಳಿದ್ದು ವಿ.ಸಿ. ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆ. ಮಾತು ಕೇಳಿ ಯಂತ್ರ ತಾನೇ ಕೆಳಗೆ ಮೂಡಿಸಿದ ಕ್ಯಾಪ್ಷನ್ ಬಿಸಿ ನಾಳೆ. ಚಳಿಗಾಲದಲ್ಲಿ ಗದ್ದೆಗೆ ಬಿಸಿನೀರು ಸಿಕ್ಕರೆ ಬೇಡ ಅನ್ನೋರು ಯಾರು?

ಯಂತ್ರವನ್ನು ನಾನು ಬೈಯಲ್ಲ. ಗೊತ್ತಿಲ್ಲದ ಮಾತು ಕಿವಿಗೆ ಬಿದ್ದರೆ ಅದು ಗೊತ್ತಿರುವ ಹತ್ತಿರದ ಮಾತನ್ನು ಹಾಕುತ್ತೆ. ‘ನಾಳೆ’ ಅನ್ನೋದನ್ನ ಅದು ಸಾವಿರ ಸಲ ಕೇಳಿದೆ, ‘ನಾಲೆ’ ಕೇಳಿದ್ದು ಕಮ್ಮಿ. ಅದಕ್ಕೇನು ಗದ್ದೆ ಇದೆಯಾ, ಸರದಿ ನೀರಿಗೆ ಕಾಯೋ ಕಷ್ಟ ಇದೆಯಾ? ಜೊತೆಗೆ ನಾವೂ ಕಮ್ಮಿ ಇಲ್ಲ ಬಿಡಿ. ನಮ್ಮ ಕಡೆ ಹಾಲು ಆಲಾಗುತ್ತೆ, ಹಸು ಅಸುವಾಗುತ್ತೆ. ಹಾಗಾಗಿ ‘ಮಟ್ಟ ಹತ್ತು ಅಡಿ ಇಳಿದಿದೆ’ ಅಂತ ರೈತರೊಬ್ಬರು ಹೇಳಿದ್ದು ‘ಮಟ್ಟ ಅತ್ತು ಅಡಿ ಇಳಿದಿದೆ’ ಆಯಿತು. ಅಳುತ್ತಾ ಇಳಿಯೋ ನೀರು. ಇದನ್ನು ಮಾತ್ರ ತಿದ್ದಬೇಡಿ ಅನ್ನಿಸಿತು ನನಗೆ.

ಆದರೆ ತಿದ್ದೋಕೆ ಹೊರಟವರ ಕಥೆ ಇನ್ನೂ ಚೆನ್ನಾಗಿದೆ. ವಿಡಿಯೊ ಹಾಕಿದ ಹುಡುಗ ಫೈಂಡ್ ಅಂಡ್ ರಿಪ್ಲೇಸ್ ಹೊಡೆದು, ‘ನಾಳೆ’ ಇದ್ದಲ್ಲೆಲ್ಲ ‘ನಾಲೆ’ ಮಾಡಿಬಿಟ್ಟ. ಈಗ ಎಂಜಿನಿಯರ್ ಸಾಹೇಬರು ‘ನಾಲೆ ಬರುತ್ತಾರೆ’. ಒಂದೊಂದೇ ನೋಡಿ ಬದಲಿಸಬೇಕಪ್ಪ ಅಂದೆ. ಇಲ್ಲ ಅಂದ್ರೆ ‘ಬಿಸಿ ನಾಳೆ’ ಅಂತ ಜೋಡಿ ಪದಾನೇ ಹುಡುಕಬೇಕು. ಇಂಗ್ಲಿಷ್ ಪದದಲ್ಲಿ ಇನ್ನೊಂದು ತಮಾಷೆ. ‘ಇನ್‌ಫ್ಲೋ’ ಅಂತ ಬಿಡಿಸಿ ಬರೆದರೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತೆ. ‘ಇನ್ಫ್ಲೋ’ ಅಂತ ಒತ್ತಕ್ಷರದಲ್ಲಿ ಟೈಪ್ ಮಾಡಿ ಹುಡುಕಿದರೆ ಅದು ಸಿಗಲ್ಲ. ಹುಡುಗ ‘ಎಲ್ಲಾ ಸರಿಹೋಯ್ತು ಸಾರ್’ ಅಂದ. ಅರ್ಧ ಹಾಗೇ ಇತ್ತು. ಎರಡೂ ಬಗೆಯಲ್ಲಿ ಟೈಪ್ ಮಾಡಿ ಹುಡುಕಬೇಕಿತ್ತು.

ಅಂಕಿ ವಿಷಯಕ್ಕೆ ಬಂದರೆ ನಗು ನಿಂತುಹೋಗುತ್ತೆ. ಮಾತು ‘ನೂರ ಇಪ್ಪತ್ನಾಲ್ಕು ಪಾಯಿಂಟ್ ಎಂಬತ್ತು’. ಕ್ಯಾಪ್ಷನ್ ಫೈಲಿನಲ್ಲಿ ಇದ್ದದ್ದು ಹೀಗೆ:

```
14
00:00:52,300 --> 00:00:54,100
ಕಟ್ಟೆ ಮಟ್ಟ 100

15
00:00:54,100 --> 00:00:57,000
24.80 ಅಡಿ ಬಿಸಿ ನಾಳೆಗೆ ನೀರು
```

ನೂರು ಒಂದು ಪರದೆಯಲ್ಲಿ, ಉಳಿದದ್ದು ಇನ್ನೊಂದರಲ್ಲಿ. ಎರಡನೆಯದನ್ನಷ್ಟೇ ನೋಡಿದವರಿಗೆ ಕಟ್ಟೆಯಲ್ಲಿ 24.80 ಅಡಿ ನೀರು. ಸಂಖ್ಯೆ ಪೂರ್ತಿ ಒಂದೇ ಕಡೆ ಬರಬೇಕು. ಮೇಲಿನ 100 ಅಳಿಸಿ, ಕೆಳಗೆ 124.80 ಅಂತ ಬರೆದರೆ ಮುಗೀತು. ಸಮಯದ ಸಾಲು ಮುಟ್ಟಬಾರದು, ಅಲ್ಲಿರೋ ಅಲ್ಪವಿರಾಮ ಕೂಡ ಹೋಗಬಾರದು.

ಕೆಆರ್‌ಎಸ್ ತುಂಬೋದೇ 124.80 ಅಡಿಗೆ. ಇದು ಮಂಡ್ಯದಲ್ಲಿ ಎಲ್ಲರಿಗೂ ಬಾಯಿಪಾಠ. ಆದ್ದರಿಂದ ಯಂತ್ರ 142 ಅಂದಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಕಟ್ಟೆ ಮೇಲೆ ನೀರು ಹರಿದು ಬೃಂದಾವನದ ಕಾರಂಜಿ ಮುಳುಗಿರಬೇಕಲ್ಲ. ಭಯ ಇರೋದು ಸರಿ ಅನ್ನಿಸೋ ತಪ್ಪಿನಲ್ಲಿ. ಎಪ್ಪತ್ತೆಂಟು, ಎಂಬತ್ತೆಂಟು ಎರಡೂ ಕಿವಿಗೆ ಹತ್ತಿರ, ಕಟ್ಟೆಯ ಮಟ್ಟವಾಗಿ ಎರಡೂ ನಂಬೋ ಹಾಗೇ ಇರುತ್ತವೆ. ಓದಿದರೆ ಗೊತ್ತಾಗಲ್ಲ, ಆ ಜಾಗಕ್ಕೆ ಹೋಗಿ ವೇಗ ತಗ್ಗಿಸಿ ಕೇಳಲೇಬೇಕು. ‘ಒಂದೂವರೆ ಸಾವಿರ ಕ್ಯೂಸೆಕ್’ ಅನ್ನೋದು ‘1 ವರೆ 1000 ಕ್ಯೂ ಶೇಕ್’ ಆದಾಗ ತಿದ್ದುವವನು 1000 ಅಂತ ಉಳಿಸಿದರೆ ಐನೂರು ಕ್ಯೂಸೆಕ್ ಹೋಯಿತು. ಅಂದರೆ ಸೆಕೆಂಡಿಗೆ ಐನೂರು ಘನ ಅಡಿ. ಆ ನೀರಿಗೆ ಇಲ್ಲಿ ಜಗಳ ಆಗಿದೆ, ಬಂದ್ ಆಗಿದೆ. ಕ್ಯಾಪ್ಷನ್‌ನಲ್ಲಿ ಮಾತ್ರ ಸುಮ್ನೆ ಆವಿಯಾಗುತ್ತೆ.

ನಮ್ಮ ಚಿಕ್ಕಪ್ಪನಿಗೆ ಕಿವಿ ಕೇಳಲ್ಲ. ವಿಡಿಯೊ ನೋಡೋದು ಅಂದರೆ ಅವರಿಗೆ ಕೆಳಗಿನ ಅಕ್ಷರ ಓದೋದು. ‘ನಾಳೆಗೆ ನೀರು ಬಿಡ್ತಾರಂತೆ, ಭತ್ತದ ಒಟ್ಲು ಹಾಕಲಾ?’ ಅಂತ ಮೆಸೇಜ್ ಹಾಕಿದರು. ನಾವೆಲ್ಲ ನಕ್ಕ ಸಾಲನ್ನು ಅವರು ನಂಬಿದ್ದರು. ನಾಲ್ಕು ನಿಮಿಷದ ವಿಡಿಯೊ, ಕೂತು ಕೇಳಿ ತಿದ್ದಿದರೆ ಅರ್ಧ ಗಂಟೆ ಆಗುತ್ತೆ, ಜಾಸ್ತಿ ಅಂದ್ರೆ ಮುಕ್ಕಾಲು. ಶೀರ್ಷಿಕೆಗೆ ಬೆಂಕಿ ಎಮೋಜಿ ಹುಡುಕೋಕೆ ಟೈಮ್ ಇದೆ, ಇದಕ್ಕಿಲ್ಲ. ನಾಚಿಕೆಯೂ ಇಲ್ಲ.

ಹುಡುಗನಿಗೆ ತಿದ್ದಿದ ಫೈಲ್ ಕಳಿಸಿದೆ. ‘ಬೇಡ ಸಾರ್, ಬಿಸಿ ನಾಳೆಗೇ ವ್ಯೂಸ್ ಬರ್ತಾ ಇದೆ’ ಅಂದ. ಚಿಕ್ಕಪ್ಪನಿಗೆ ‘ಇನ್ನೂ ಒಟ್ಲು ಹಾಕಬೇಡಿ’ ಅಂತ ನಾನೇ ಮೆಸೇಜ್ ಹಾಕಿದೆ.