ಲಾಭ ತಾಳೆಯಾದರೆ ಉತ್ತರ ಸರಿಯೇ?

ಮೌಲ್ಯಮಾಪನ ಮುಗಿಸಿ ಮನೆಗೆ ಬಂದು ಎರಡು ತಾಸಾಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಬಿಕಾಂ ಕಾಸ್ಟ್ ಅಕೌಂಟಿಂಗ್ ಪತ್ರಿಕೆ. ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ಸರಿದೂಗಲು ಎಷ್ಟು ಪೀಸ್ ಮಾರಬೇಕು ಅನ್ನುವ ಬ್ರೇಕ್ ಈವನ್ ಲೆಕ್ಕವೊಂದರಲ್ಲಿ ನಾನು ಅಂಕ ಕಡಿದದ್ದನ್ನು ನೋಡಿ ಪಕ್ಕದಲ್ಲಿದ್ದ ಹಿರಿಯರು, "ಮೇಡಂ, ಪ್ರಾಫಿಟ್ ತಾಳೆ ಆಗಿದೆಯಲ್ಲ, ಪೂರ್ತಿ ಕೊಟ್ಟುಬಿಡಿ" ಅಂದರು. ಆ ಮಾತೇ ತಲೆ ಕೊರೆಯುತ್ತಿದೆ.

ಅಂಕಿಗಳನ್ನು ಬದಲಿಸಿ ಲೆಕ್ಕ ಹೇಳ್ತೀನಿ. ತಿಂಗಳಿಗೆ 10,000 ಪೀಸ್ ಮಾಡಿ 50 ರೂಪಾಯಿಗೆ ಮಾರುವ ಘಟಕ. ಪೀಸಿಗೆ ಸಾಮಗ್ರಿ 20, ಕೂಲಿ 9, ಮಾರಾಟದ ಕಮಿಷನ್ 2 ರೂಪಾಯಿ. ಬಾಡಿಗೆ 60,000, ಮೇಲ್ವಿಚಾರಕರ ಸಂಬಳ 30,000. ಕರೆಂಟ್ ಖರ್ಚು 10,000 ಪೀಸಿಗೆ 50,000 ಮತ್ತು 8,000 ಪೀಸಿಗೆ 44,000.

ಎಲ್ಲ ಇರುವುದು ಆ ಕೊನೆಯ ಸಾಲಿನಲ್ಲಿ. 2,000 ಪೀಸ್ ಹೆಚ್ಚಾದಾಗ ಖರ್ಚು ಏರಿದ್ದು 6,000 ಮಾತ್ರ. ಅಂದರೆ ಪೀಸಿನ ಜೊತೆ ಏರಿಳಿಯುವ ವೇರಿಯಬಲ್ ಖರ್ಚು ಪೀಸಿಗೆ 3 ರೂಪಾಯಿ, 10,000 ಪೀಸಿಗೆ 30,000. ಉಳಿದ 20,000 ಎಷ್ಟು ಪೀಸ್ ಮಾಡಿದರೂ ಬದಲಾಗದ ಫಿಕ್ಸೆಡ್. ನಮ್ಮ ಮನೆಯ ಕರೆಂಟ್ ಬಿಲ್ಲಿನಲ್ಲೂ ನಿಗದಿತ ಶುಲ್ಕ ಒಂದು ಸಾಲು, ಬಳಸಿದ ಯೂನಿಟ್ಟಿನ ಹಣ ಇನ್ನೊಂದು ಸಾಲು ಇರುತ್ತದಲ್ಲ, ಹಾಗೆ. ಹೀಗೆ ಒಡೆದರೆ ಪೀಸಿಗೆ ವೇರಿಯಬಲ್ ಖರ್ಚು 34, ಅದನ್ನು ಬೆಲೆಯಲ್ಲಿ ಕಳೆದು ಉಳಿಯುವ ಕಾಂಟ್ರಿಬ್ಯೂಷನ್ 16, ಒಟ್ಟು ಫಿಕ್ಸೆಡ್ 1,10,000, ಬ್ರೇಕ್ ಈವನ್ 6,875 ಪೀಸ್.

ಈ ಉತ್ತರಪತ್ರಿಕೆಯಲ್ಲಿ 50,000 ಪೂರ್ತಿ ವೇರಿಯಬಲ್ ಕಡೆಗೆ ಹೋಗಿತ್ತು. ವೇರಿಯಬಲ್ 36, ಕಾಂಟ್ರಿಬ್ಯೂಷನ್ 14, ಫಿಕ್ಸೆಡ್ 90,000, ಬ್ರೇಕ್ ಈವನ್ 6,429. ಆಮೇಲೆ 10,000 ಪೀಸಿಗೆ ಲಾಭ ತೆಗೆದರೆ 50,000. ಸರಿಯಾದ ಉತ್ತರದಲ್ಲೂ ಲಾಭ ಅಷ್ಟೇ!

ತಾಳೆಯಾಗದೆ ಇನ್ನೇನಾದೀತು? 20,000 ರೂಪಾಯಿಯನ್ನು ಈ ಜೇಬಿನಿಂದ ಆ ಜೇಬಿಗೆ ಹಾಕಿದ್ದಷ್ಟೇ, ಆ ಮಟ್ಟದಲ್ಲಿ ಒಟ್ಟು ಖರ್ಚು ಬದಲಾಗಿಲ್ಲ. ಯಾವುದನ್ನು ಎಲ್ಲಿಗೆ ಸೇರಿಸಿದರೂ 10,000ಕ್ಕೆ ಲಾಭ 50,000 ಬಂದೇ ಬರುತ್ತದೆ. 6,429ನ್ನು 14ರಿಂದ ಗುಣಿಸಿ ನೋಡಿದರೆ ಅದೂ 90,000ಕ್ಕೆ ಸರಿಹೊಂದುತ್ತದೆ. ತಪ್ಪು ವಿಂಗಡಣೆ ತನ್ನದೇ ಲೆಕ್ಕದಲ್ಲಿ ಎಲ್ಲೂ ಸಿಕ್ಕಿಬೀಳುವುದಿಲ್ಲ.

ಸಿಕ್ಕಿಬೀಳುವುದು ಇನ್ನೊಂದು ಮಟ್ಟಕ್ಕೆ ಹೋದಾಗ. 8,000 ಪೀಸಿಗೆ ಪ್ರಶ್ನೆಯಲ್ಲಿರುವ ಖರ್ಚನ್ನೇ ಒಂದೊಂದಾಗಿ ಕೂಡಿದರೆ 3,82,000, ಮಾರಾಟ 4,00,000, ಲಾಭ 18,000. ಕಾಂಟ್ರಿಬ್ಯೂಷನ್ 16 ಹಿಡಿದರೂ 18,000 ಬರುತ್ತದೆ. 14 ಹಿಡಿದರೆ 22,000! ತಪ್ಪು ಎದ್ದು ಕಾಣುತ್ತದೆ. ಈ ಎರಡನೇ ಮಟ್ಟದ ಪರೀಕ್ಷೆ ಮಾಡಲು ಎರಡು ನಿಮಿಷ ಬೇಡ. ನಾವು ಯಾಕೆ ಮಾಡುವುದಿಲ್ಲ?

"6,875ಕ್ಕೂ 6,429ಕ್ಕೂ ಅಷ್ಟು ದೊಡ್ಡ ವ್ಯತ್ಯಾಸವೇನೂ ಇಲ್ಲವಲ್ಲ" ಅಂತಲೂ ಅವರು ಹೇಳಿದರು. ಬ್ರೇಕ್ ಈವನ್ ಒಂದನ್ನೇ ನೋಡಿದರೆ ಹಾಗನ್ನಿಸಬಹುದು. ಆದರೆ ಮುಂದಿನ ಉಪಪ್ರಶ್ನೆ ಏನು ಕೇಳುತ್ತದೆ? ಇನ್ನೂ 2,000 ಪೀಸ್ ಮಾಡುವ ಸಾಮರ್ಥ್ಯ ಇದೆ, ಒಬ್ಬರು 35 ರೂಪಾಯಿಗೆ ಕೇಳುತ್ತಿದ್ದಾರೆ, ಕೊಡಬಹುದೇ? ಕಮಿಷನ್, ಕರೆಂಟ್ ಎಲ್ಲ ಸೇರಿ ಒಂದು ಪೀಸಿಗೆ ತಗಲುವುದು 34. ಕೊಟ್ಟರೆ 2,000 ರೂಪಾಯಿ ಹೆಚ್ಚು ಉಳಿಯುತ್ತದೆ. 36 ಅಂದುಕೊಂಡವರು ಬಂದ ಆರ್ಡರನ್ನು ನಷ್ಟ ಅಂತ ಹೇಳಿ ವಾಪಸ್ ಕಳಿಸುತ್ತಾರೆ. ಮಾರ್ಜಿನಲ್ ಕಾಸ್ಟಿಂಗ್ ಇರುವುದೇ ಈ ತೀರ್ಮಾನಕ್ಕೆ, ಅದೇ ತಿರುಗುಮುರುಗಾಯಿತು. ಅದನ್ನು ಸಣ್ಣ ವ್ಯತ್ಯಾಸ ಅಂತ ನಾನು ಒಪ್ಪುವುದಿಲ್ಲ.

ಇನ್ನೊಂದು ಮಾತು ಹೇಳಿಬಿಡ್ತೀನಿ. ಪಾಠ ಮಾಡಲು ಶುರುಮಾಡಿದ ವರ್ಷ ನಾನೇ ತರಗತಿಯಲ್ಲಿ ಪಟ್ಟಿ ಬರೆಸಿದ್ದೆ. ಬಾಡಿಗೆ ಫಿಕ್ಸೆಡ್, ಸಂಬಳ ಫಿಕ್ಸೆಡ್, ಕೂಲಿ ವೇರಿಯಬಲ್, ಪವರ್ ವೇರಿಯಬಲ್. ಮಕ್ಕಳು ಬಾಯಿಪಾಠ ಮಾಡಿ ಹಾಗೆಯೇ ಬರೆದರು, ನಾನು ಹಾಗೆಯೇ ಟಿಕ್ ಹಾಕಿದೆ. ಖರ್ಚಿನ ಹೆಸರು ನೋಡಿ ವಿಂಗಡಿಸುವುದನ್ನು ಕಲಿಸಿದವಳು ನಾನು. ಆ ಬ್ಯಾಚಿನ ಮುಖಗಳು ನೆನಪಾದರೆ ಈಗಲೂ ಸಂಕಟವಾಗುತ್ತದೆ. ಕೂಲಿ ಕೂಡ ಪೀಸ್ ಲೆಕ್ಕದಲ್ಲಿ ಕೊಟ್ಟರೆ ಒಂದು ಥರ, ಕೆಲಸ ಇರಲಿ ಬಿಡಲಿ ತಿಂಗಳಿಗಿಷ್ಟು ಅಂತ ಕೊಟ್ಟರೆ ಇನ್ನೊಂದು ಥರ. ಮೇಲ್ವಿಚಾರಕರ ಸಂಬಳವೂ ಎರಡನೇ ಪಾಳಿ ಶುರುವಾಗುವವರೆಗೆ ಮಾತ್ರ ಫಿಕ್ಸೆಡ್.

ಇವತ್ತಿನ ಪತ್ರಿಕೆಗೆ ಸೊನ್ನೆ ಹಾಕಲಿಲ್ಲ. ವಿಂಗಡಣೆಯ ಅಂಕವನ್ನು ಒಂದೇ ಸಲ ಕಡಿದೆ. ತಾನು ಹಿಡಿದ ಅಂಕಿಯ ಮೇಲೆ ಸೂತ್ರ ಸರಿಯಾಗಿ ಹಾಕಿದ್ದಕ್ಕೆ ಕೊಡಬೇಕಾದ್ದನ್ನು ಕೊಟ್ಟೆ. ಒಂದೇ ತಪ್ಪಿಗೆ ಮೂರು ಕಡೆ ಕಡಿಯುವುದೂ ಅನ್ಯಾಯವೇ.

ಕಟ್ಟಿಗೆ ಸೇರಿಸುವ ಮೊದಲು ಕೊನೆಯ ಪುಟದ ರಫ್ ವರ್ಕ್ ಕಣ್ಣಿಗೆ ಬಿತ್ತು. ಹುಡುಗನೋ ಹುಡುಗಿಯೋ ತಿಳಿಯದು, 50,000ವನ್ನು 10,000ದಿಂದ ಭಾಗಿಸಿ 5 ಅಂತ ಬರೆದಿದ್ದಾರೆ. ಕೆಳಗೆ 44,000ವನ್ನು 8,000ದಿಂದ ಭಾಗಿಸಿ 5.50 ಅಂತ ಬರೆದಿದ್ದಾರೆ. ನಿಜಕ್ಕೂ ವೇರಿಯಬಲ್ ಆಗಿದ್ದರೆ ಎರಡೂ ಕಡೆ ಒಂದೇ ದರ ಬರಬೇಕಿತ್ತು. ಬಂದಿರಲಿಲ್ಲ. ಆ ಮಗುವಿಗೂ ಅದು ಕಂಡಿದೆ, ಪಕ್ಕದಲ್ಲಿ ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ಆಮೇಲೆ 5.50ರ ಮೇಲೆ ಗೀಟು ಎಳೆದು, 5 ಇಟ್ಟುಕೊಂಡು ಮುಂದೆ ಹೋಗಿದ್ದಾರೆ.