ಸ್ವಲ್ಪ ಪ್ರಾಬ್ಲಂ ಆಗಿದೆ ಸಾರ್

ಚೌಟ್ರಿ ಮ್ಯಾನೇಜರರ ಫೋನು "ನಿಮ್ಮ ಬುಕಿಂಗ್ ಕ್ಯಾನ್ಸಲ್" ಅಂತ ಶುರುವಾಗಿದ್ದು ಯಾರಿಗೂ ನೆನಪಿರಲಾರದು. ಅದು "ಊಟ ಆಯ್ತಾ ಸಾರ್?" ಅಂತಲೇ ಶುರುವಾಗುವುದು. ಅಡ್ವಾನ್ಸ್ ತಗೊಂಡ ದಿನ ತಲೆ ಎತ್ತಿ ಮುಖ ನೋಡದಿದ್ದ ಮನುಷ್ಯ ನಿಮ್ಮ ಊಟದ ಯೋಗಕ್ಷೇಮ ವಿಚಾರಿಸಿದರೆ ಕೈಲಿದ್ದ ತುತ್ತು ಕೆಳಗಿಡಿ. ಮುಂದಿನ ವಾಕ್ಯ ಗೊತ್ತಿರುವಂಥದ್ದೇ: "ಸ್ವಲ್ಪ ಪ್ರಾಬ್ಲಂ ಆಗ್ಬಿಟ್ಟಿದೆ ಸಾರ್."

ಲಗ್ನಪತ್ರಿಕೆ ಹಂಚಿ ಆಗಿರುತ್ತದೆ. ಅವರಿಗೆ ಅದು "ಸ್ವಲ್ಪ."

ಪ್ರಾಬ್ಲಂ ಏನು ಅಂದರೆ ರಿಪೇರಿ. ಮೇಲ್ಛಾವಣಿ ಸೋರುತ್ತಿದೆ, ವೈರಿಂಗ್ ಸುಟ್ಟಿದೆ, ಸಂಪು ಒಡೆದಿದೆ. ಒಡೆದಿರಲೂಬಹುದು. ಆದರೆ ಸಾಮಾನ್ಯವಾಗಿ ಒಡೆದಿರುವುದು ರಿಜಿಸ್ಟರು. ಮ್ಯಾನೇಜರ್ ಹತ್ತಿರ ಒಂದು ಪುಸ್ತಕ, ಮಾಲೀಕರ ಮನೆಯಲ್ಲಿ ಇನ್ನೊಂದು. ಒಂದೇ ಮುಹೂರ್ತಕ್ಕೆ ಎರಡರಲ್ಲೂ ಬೇರೆ ಬೇರೆ ಹೆಸರು. ಇಲ್ಲವೇ ನಿಮಗಿಂತ ಹೆಚ್ಚು ಬಾಡಿಗೆ ಕೊಡುವವರು, ಅಥವಾ ಮಾಲೀಕರು "ಇಲ್ಲ" ಅನ್ನಲಾಗದವರು, ನಡುವೆ ಬಂದಿರುತ್ತಾರೆ. ನಿಜ ತಿಳಿಯುವುದು ಸುಲಭ. ಆ ದಿನ ಸಂಜೆ ಆ ರಸ್ತೆಯಲ್ಲಿ ಒಬ್ಬರನ್ನು ಸುಮ್ಮನೆ ಓಡಾಡಿಸಿ. ಸೋರುತ್ತಿರುವ ಛಾವಣಿಗೆ ಸೀರಿಯಲ್ ಸೆಟ್ ಮಿನುಗುತ್ತಿರುತ್ತದೆ, ಬಾಗಿಲಲ್ಲಿ ಹೂವಿನ ಅಕ್ಷರಗಳಲ್ಲಿ ಬೇರೆ ಯಾರದೋ ಜೋಡಿ ಹೆಸರು, ಸುಟ್ಟ ವೈರಿಂಗಿನಿಂದಲೇ ಮೈಕಿನಲ್ಲಿ "ಹಲೋ ಚೆಕ್, ಹಲೋ ಚೆಕ್." ಆ ಬೋರ್ಡಿನ ಫೋಟೋ ತೆಗೆದಿಡಿ. ಬೇರೆಯವರ ಮದುವೆಯ ಫೋಟೋಗಳಲ್ಲಿ ನಿಮಗೆ ನಾಲ್ಕು ಕಾಸು ತಂದುಕೊಡಬಲ್ಲದ್ದು ಅದೊಂದೇ.

ಈಗ ನನಗೆ ಮೈ ಉರಿಯುವ ಮಾತಿಗೆ ಬರೋಣ. "ಅಡ್ವಾನ್ಸ್ ಪೂರ್ತಿ ವಾಪಸ್ ಕೊಡ್ತೀವಲ್ಲ ಸಾರ್, ಇನ್ನೇನು?" ಇದನ್ನು ಹೇಳುವ ಗತ್ತು ನೋಡಬೇಕು! ಕರ್ಣನಿಗೂ ಅಷ್ಟು ಗತ್ತು ಇದ್ದಿರಲಾರದು. ನಮ್ಮದೇ ದುಡ್ಡು, ತಿಂಗಳುಗಟ್ಟಲೆ ಅವರ ಖಾತೆಯಲ್ಲಿ ಬೆಚ್ಚಗೆ ಮಲಗಿತ್ತು, ಅದನ್ನು ಎಬ್ಬಿಸಿ ಕಳಿಸುವುದಕ್ಕೆ ನಾವು ಕೃತಜ್ಞರಾಗಿರಬೇಕು. ಕಾನೂನು ಹಾಗೆ ನೋಡುವುದಿಲ್ಲ. ಅಡ್ವಾನ್ಸ್ ವಾಪಸ್ ಒಂದು ಲೆಕ್ಕ, ನಷ್ಟ ಭರ್ತಿ ಇನ್ನೊಂದು. 1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಂ ಪ್ರಕಾರ, ಮಾತು ಮುರಿದವನು ಅದರಿಂದ ಸಹಜವಾಗಿ ಆಗುವ ನಷ್ಟವನ್ನೂ, ಹೀಗಾದೀತು ಎಂದು ಕರಾರು ಮಾಡಿಕೊಳ್ಳುವಾಗಲೇ ಇಬ್ಬರಿಗೂ ಗೊತ್ತಿದ್ದ ನಷ್ಟವನ್ನೂ ತುಂಬಿಕೊಡಬೇಕು. ಅದಕ್ಕೇ ರಸೀದಿಯಲ್ಲಿ ಬರೀ "ಹಾಲ್ ಬಾಡಿಗೆ ಬಾಬ್ತು" ಎಂದಿದ್ದರೆ ಸಾಲದು. "ಮದುವೆಗಾಗಿ," ತಾರೀಖು, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಎಷ್ಟು ಜನ, ಎಲ್ಲ ಬರೆಸಿಕೊಳ್ಳಿ.

ಲೆಕ್ಕ ಹೀಗಿಟ್ಟುಕೊಳ್ಳಿ. ಬಾಡಿಗೆ 1,50,000 ರೂಪಾಯಿ, ಅಡ್ವಾನ್ಸ್ 50,000. ಏಳು ವಾರ ಮುಂಚೆ ಕೈಕೊಟ್ಟರು. ಅದೇ ತಾರೀಖಿಗೆ, ಹೆಚ್ಚು ಕಡಿಮೆ ಅಷ್ಟೇ ದೊಡ್ಡ ಇನ್ನೊಂದು ಚೌಟ್ರಿ 2,10,000ಕ್ಕೆ ಸಿಕ್ಕಿತು. ಇಲ್ಲಿ ಬಹಳ ಜನ ಎಡವುತ್ತಾರೆ. ಸಿಟ್ಟಿನಲ್ಲಿ ಪೂರ್ತಿ 2,10,000 ಕೇಳುತ್ತಾರೆ. ಮೊದಲಿನ ಚೌಟ್ರಿಯಲ್ಲೂ ಒಂದೂವರೆ ಲಕ್ಷ ಕೊಡಲೇಬೇಕಿತ್ತಲ್ಲ? ನಷ್ಟ ಅಂದರೆ ವ್ಯತ್ಯಾಸದ 60,000 ಮಾತ್ರ. ಲಗ್ನಪತ್ರಿಕೆ ಮತ್ತೆ ಅಚ್ಚು ಹಾಕಿಸಿದ್ದಕ್ಕೆ 12,000, ಜಾಗ ದೂರವಾದ್ದರಿಂದ ಬಸ್ಸಿಗೆ ಹೆಚ್ಚು ಬಿದ್ದಿದ್ದು 15,000. ಒಟ್ಟು 87,000, ಇಷ್ಟಕ್ಕೂ ಬಿಲ್ಲು ಇರಬೇಕು. ಅಡ್ವಾನ್ಸೂ ಬಂದಿಲ್ಲವೆಂದರೆ ಅದಕ್ಕೆ 50,000 ಕೂಡಿಸಿ, 1,37,000. ಮಾನಸಿಕ ಯಾತನೆಗೂ ಗ್ರಾಹಕರ ಆಯೋಗ ಪರಿಹಾರ ಕೊಡಿಸಬಹುದು, ಆದರೆ ಅದು ಅವರ ವಿವೇಚನೆ. ಬೀಗರು ಮುಖ ಸಿಂಡರಿಸಿದ್ದಕ್ಕೆ ಬಿಲ್ ಸಿಗದು.

ಇನ್ನೊಂದು ಷರತ್ತು. ನಷ್ಟ ಕಡಿಮೆ ಮಾಡಲು ನೀವೂ ಕೈಲಾದ್ದು ಮಾಡಿರಬೇಕು. ಇದೇ ಸಂದು ಅಂತ ಏಸಿ ಹಾಲು, ಹುಲ್ಲುಹಾಸು, ಕಾರಂಜಿ ಇರುವ ಜಾಗ ಹಿಡಿದರೆ ಕಾರಂಜಿಯ ದುಡ್ಡು ನಿಮ್ಮದೇ. ನಾಲ್ಕೈದು ಕಡೆ ವಿಚಾರಿಸಿ, "ಆ ದಿನ ಖಾಲಿ ಇಲ್ಲ" ಎಂಬ ಉತ್ತರವನ್ನು ವಾಟ್ಸಾಪಿನಲ್ಲೇ ತರಿಸಿಕೊಂಡು ಇಟ್ಟುಕೊಳ್ಳಿ.

ಅವರು ತೋರಿಸುವ ಬ್ರಹ್ಮಾಸ್ತ್ರ ರಸೀದಿಯ ಹಿಂದಿನ ಇರುವೆ ಸಾಲಿನಂಥ ಅಕ್ಷರ: "ಮುಂಗಡ ಹಣವನ್ನು ಯಾವುದೇ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ." ಅದು ಬರೆದಿರುವುದು ನೀವು ಬಿಟ್ಟುಹೋದರೆ ಅಂತ. ತಾವೇ ಬಾಗಿಲು ಹಾಕಿಕೊಂಡು ಅದನ್ನು ಓದಿ ಹೇಳುವುದಕ್ಕೆ ಬೇರೆಯೇ ಧೈರ್ಯ ಬೇಕು, ಅದು ಇರುತ್ತದೆ. ನಿಜವಾಗಿಯೂ ಪ್ರವಾಹ ಬಂದಿದ್ದರೆ, 2020ರ ಲಾಕ್‌ಡೌನಿನಂತೆ ಸರ್ಕಾರವೇ ಮುಚ್ಚಿಸಿದ್ದರೆ ಮಾತು ಬೇರೆ. ಆಗ ಯಾರದೂ ತಪ್ಪಲ್ಲ. ಅಡ್ವಾನ್ಸ್ ವಾಪಸ್ ಕೇಳಬಹುದು, ನಷ್ಟ ಕೇಳಲಾಗದು. ಆದರೆ ಲೈಸೆನ್ಸ್ ನವೀಕರಿಸದೆ ಬೀಗ ಹಾಕಿಸಿಕೊಂಡವರು "ಸರ್ಕಾರ ಮುಚ್ಚಿಸಿತು" ಅಂದರೆ ನಡೆಯುವುದಿಲ್ಲ. ಅದು ತಾವೇ ತಂದುಕೊಂಡ ಪ್ರವಾಹ.

ಅಡುಗೆ ಕಂಟ್ರಾಕ್ಟರಿಗೂ ಇದೇ ನಿಯಮ, ಸಮಯ ಮಾತ್ರ ಇರುವುದಿಲ್ಲ. ಅವರ ಪ್ರಾಬ್ಲಂ ಮೂರು ದಿನ ಮುಂಚೆ ಆಗುತ್ತದೆ. ಎಲೆಗೆ ಇಷ್ಟು ಅಂತ ಮಾತಾಡಿದ್ದ ದರ, ಎಷ್ಟು ಎಲೆ ಎಂಬುದು ಬರಹದಲ್ಲಿದ್ದರೆ ವ್ಯತ್ಯಾಸದ ಲೆಕ್ಕ ತಾನೇ ಬರುತ್ತದೆ. ಬಾಯಿಮಾತಾದರೆ ಹೋಯ್ತು.

ಈ ಲೆಕ್ಕಕ್ಕೆ ಸಿಗದ್ದು ಒಂದಿದೆ. ಪತ್ರಿಕೆ ಮತ್ತೆ ಅಚ್ಚು ಹಾಕಿಸಲು ಪುರುಸೊತ್ತಿಲ್ಲದ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ಎಲ್ಲರೂ ಚಾಪೆ ಮೇಲೆ ಕೂತು ಹಳೆ ಚೌಟ್ರಿಯ ಹೆಸರಿನ ಮೇಲೆ ಹೊಸದರ ಚೀಟಿ ಅಂಟಿಸುತ್ತಾರೆ. ಅಜ್ಜಿಯ ಕೈ ನಡುಗಿ ಚೀಟಿ ಸೊಟ್ಟಗಾಗುತ್ತದೆ. ಯಾರೂ ಏನೂ ಅನ್ನುವುದಿಲ್ಲ. ವರ್ಷಗಳ ಮೇಲೆ ಆಲ್ಬಮ್ಮಿನಲ್ಲಿ ಸಿಗುವ ಪತ್ರಿಕೆಯಲ್ಲಿ ಅಂಟು ಒಣಗಿ ಚೀಟಿ ಅರ್ಧ ಎದ್ದಿರುತ್ತದೆ, ಕೆಳಗಿಂದ ಹಳೆಯ ಹೆಸರು ಇಣುಕುತ್ತದೆ.

ಇರಲಿ. ಫೋನ್ ಇಟ್ಟ ಕೂಡಲೇ "ಇಷ್ಟು ಗಂಟೆಗೆ ಫೋನ್ ಮಾಡಿ, ಇಂಥ ಕಾರಣ ಹೇಳಿ ಬುಕಿಂಗ್ ರದ್ದು ಮಾಡಿದಿರಿ, ದಯವಿಟ್ಟು ಖಚಿತಪಡಿಸಿ" ಅಂತ ಮೆಸೇಜ್ ಕಳಿಸಿ. ಅವರು "ಸಾರಿ ಸಾರ್" ಅಂದರೂ ಸಾಕು. ಆಮೇಲೆ ಲೆಕ್ಕ ಬರೆದು, ಹದಿನೈದು ದಿನ ಗಡುವು ಕೊಟ್ಟು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್. ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಚೌಟ್ರಿಯ ಊರಿಗೆ ಅಲೆಯಬೇಕಿಲ್ಲ. ಸೇವೆಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಎರಡು ವರ್ಷ ಮೀರಬಾರದು ಅಷ್ಟೆ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ನೋಡಬಹುದು. ಸಹಾಯವಾಣಿ ರಾಜಿ ಮಾಡಿಸಲು ನೋಡುತ್ತದೆ, ಆದೇಶ ಮಾಡಲಾರದು.

ನೋಟಿಸ್ ತಲುಪಿದ ಮೇಲೆ ಮತ್ತೆ ಫೋನ್ ಬರುತ್ತದೆ. "ಊಟ ಆಯ್ತಾ ಸಾರ್? ಬನ್ನಿ, ಕೂತು ಮಾತಾಡೋಣ. ಒರಿಜಿನಲ್ ರಸೀದಿ ತನ್ನಿ, ಅಡ್ವಾನ್ಸ್ ಚೆಕ್ ರೆಡಿ ಇದೆ." ಚೆಕ್ಕಿನ ಜೊತೆ ಒಂದು ಕಾಗದವೂ ರೆಡಿ ಇರುತ್ತದೆ: "ನನ್ನ ಸಂಪೂರ್ಣ ಹಣ ಸಂದಾಯವಾಗಿದ್ದು ಇನ್ನು ಯಾವುದೇ ಬಾಕಿ ಇರುವುದಿಲ್ಲ." ಅದಕ್ಕೆ ಸಹಿ ಬಿದ್ದರೆ ಆ 87,000 ಅಲ್ಲೇ ಧಾರೆ ಎರೆದಂತೆ. ಚೆಕ್ ತೆಗೆದುಕೊಳ್ಳಿ, ಆ ಸಾಲು ಹೊಡೆದು ಹಾಕಿ "ಅಡ್ವಾನ್ಸ್ ಮಾತ್ರ ಸಂದಿದೆ, ನಷ್ಟ ಪರಿಹಾರದ ಹಕ್ಕು ಕಾಯ್ದಿರಿಸಿದೆ" ಅಂತ ಕೈಬರಹದಲ್ಲೇ ಬರೆದು ಸಹಿ ಮಾಡಿ, ಅದರ ಫೋಟೋ ತೆಗೆದುಕೊಳ್ಳಿ. ರಸೀದಿಯ ಜೆರಾಕ್ಸ್ ಕೊಡಿ.

"ಒರಿಜಿನಲ್ ಎಲ್ಲಿ ಸಾರ್?" ಅಂತ ಕೇಳೇ ಕೇಳುತ್ತಾರೆ.

"ಒರಿಜಿನಲ್‌ದು ಸ್ವಲ್ಪ ಪ್ರಾಬ್ಲಂ ಆಗಿದೆ ಸಾರ್."